ಅದೇ ₹18,000 ಕೋಟಿ, ಬೇರೆ ಬಾಗಿಲು: ಬೈಬ್ಯಾಕ್‌ನಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

2025ರ ನವೆಂಬರ್‌ನಲ್ಲಿ ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು, ಪೆನ್ಷನ್ನೇ ಆದಾಯ. ಇನ್ಫೋಸಿಸ್‌ನ 110 ಷೇರು ಇಟ್ಟುಕೊಂಡಿದ್ದಾರೆ. "ನೋಡಪ್ಪಾ, ಮಾರ್ಕೆಟ್‌ನಲ್ಲಿ ಸಾವಿರದ ಐನೂರು ನಡೀತಿದೆ. ಕಂಪನಿಯವರು ಸಾವಿರದ ಎಂಟುನೂರು ಕೊಡ್ತೀವಿ, ವಾಪಸ್ ಕೊಡಿ ಅಂತ ಮೇಲ್ ಹಾಕಿದ್ದಾರೆ. ಇಷ್ಟು ದಿನ ಡಿವಿಡೆಂಡ್ ಹಾಕ್ತಿದ್ದರಲ್ಲ, ಹಾಗೇ ಹಾಕಿದ್ದರೆ ಆಗ್ತಿರಲಿಲ್ಲವಾ?"

ಅವರಿಗೆ ಉತ್ತರ ಕೊಡಲು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 2024–25ನೇ ಸಾಲಿಗೆ ಇನ್ಫೋಸಿಸ್ ಘೋಷಿಸಿದ ಲಾಭಾಂಶ ಷೇರಿಗೆ ₹43, ಮಧ್ಯಂತರ ₹21 ಮತ್ತು ಅಂತಿಮ ₹22 ಸೇರಿ. 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ ಬೈಬ್ಯಾಕ್, ಅಂದರೆ ಕಂಪನಿ ತನ್ನ ಷೇರನ್ನು ತಾನೇ ವಾಪಸ್ ಕೊಳ್ಳುವುದು, ₹18,000 ಕೋಟಿಯದು: 10 ಕೋಟಿ ಷೇರು, ತಲಾ ₹1,800. ಕಂಪನಿಯ ಒಟ್ಟು ಷೇರು ಸುಮಾರು 415.4 ಕೋಟಿ. ₹18,000 ಕೋಟಿಯನ್ನು ಅಷ್ಟೂ ಷೇರಿಗೆ ಹಂಚಿದರೆ ಒಂದಕ್ಕೆ ಸುಮಾರು ₹43.30 ಬರುತ್ತದೆ. ಅಂದರೆ ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಮಾಡಿಟ್ಟಂಥ ಉದಾಹರಣೆ ಇದು. ಒಂದೇ ಕಂಪನಿ, ಹೆಚ್ಚು ಕಡಿಮೆ ಒಂದೇ ಮೊತ್ತ. ಒಮ್ಮೆ ಲಾಭಾಂಶದ ಬಾಗಿಲಿನಿಂದ ಹೋಯಿತು, ಇನ್ನೊಮ್ಮೆ ಬೈಬ್ಯಾಕ್‌ನ ಬಾಗಿಲಿನಿಂದ.

ಮೊದಲು ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಏನಾಗುತ್ತದೆ ನೋಡೋಣ. ಅಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಜನ ಅಂದುಕೊಂಡಿರುವುದಕ್ಕಿಂತ ಬಹಳ ಕಮ್ಮಿ. 2025ರ ಮಾರ್ಚ್ ಕೊನೆಗೆ ಇನ್ಫೋಸಿಸ್ ಷೇರುದಾರರ ಪಾಲಿನ ಬಂಡವಾಳ, ಅಂದರೆ ಈಕ್ವಿಟಿ, ಸುಮಾರು ₹96,000 ಕೋಟಿ ಇತ್ತು. ₹18,000 ಕೋಟಿ ಹೊರಗೆ ಹೋದರೆ ₹78,000 ಕೋಟಿ ಉಳಿಯುತ್ತದೆ. ಲಾಭಾಂಶವಾದರೂ ಅಷ್ಟೇ, ಬೈಬ್ಯಾಕ್ ಆದರೂ ಅಷ್ಟೇ. ಬ್ಯಾಂಕಿನಲ್ಲಿದ್ದ ಹಣವೂ ಅಷ್ಟೇ ಕರಗುತ್ತದೆ. ಎರಡೂ ಲಾಭ–ನಷ್ಟದ ಪಟ್ಟಿಯನ್ನು ಮುಟ್ಟುವುದಿಲ್ಲ, ಏಕೆಂದರೆ ಇದು ಖರ್ಚಲ್ಲ, ಮಾಲೀಕರ ದುಡ್ಡು ಮಾಲೀಕರಿಗೇ ಹೋಗುವುದು. ನಗದು ಹರಿವಿನ ಪಟ್ಟಿಯಲ್ಲೂ ಎರಡೂ ಕಾಣಿಸಿಕೊಳ್ಳುವುದು ಒಂದೇ ಜಾಗದಲ್ಲಿ, ಹಣಕಾಸು ಚಟುವಟಿಕೆಗಳ ಕೆಳಗೆ.

ಒಳಗಿನ ಜಮಾ–ಖರ್ಚು ಮಾತ್ರ ಸ್ವಲ್ಪ ಬೇರೆ. ಲಾಭಾಂಶ ಕೊಟ್ಟರೆ ಉಳಿಸಿಕೊಂಡ ಲಾಭದಲ್ಲಿ ಕಡಿತವಾಗುತ್ತದೆ, ಷೇರು ಬಂಡವಾಳ ಅಲುಗಾಡುವುದಿಲ್ಲ. ಬೈಬ್ಯಾಕ್‌ನಲ್ಲಿ ಷೇರುಗಳೇ ರದ್ದಾಗುತ್ತವೆ. ಕೊಳ್ಳುವ ಪ್ರಕ್ರಿಯೆ ಮುಗಿದ ಏಳು ದಿನದೊಳಗೆ ಅವನ್ನು ನಾಶಪಡಿಸಬೇಕು ಎಂದು ಕಂಪನಿ ಕಾಯ್ದೆ ಹೇಳುತ್ತದೆ. ಅಮೆರಿಕದ ಕಂಪನಿಗಳ ಹಾಗೆ ಕಪಾಟಿನಲ್ಲಿಟ್ಟುಕೊಂಡು ಮುಂದೆ ಮಾರುವಂತಿಲ್ಲ. ಇನ್ಫೋಸಿಸ್ ಷೇರಿನ ಮುಖಬೆಲೆ ₹5. ಹಾಗಾಗಿ 10 ಕೋಟಿ ಷೇರಿಗೆ ಷೇರು ಬಂಡವಾಳದಿಂದ ಹೋಗುವುದು ಬರೀ ₹50 ಕೋಟಿ, ಮಿಕ್ಕ ₹17,950 ಕೋಟಿ ಮೀಸಲು ನಿಧಿಗಳಿಂದ. ಆ ₹50 ಕೋಟಿಗೂ ಕಾನೂನು ಒಂದು ಬೇಲಿ ಹಾಕಿದೆ. ಅಷ್ಟೇ ಮೊತ್ತವನ್ನು ಮೀಸಲು ನಿಧಿಯಿಂದ ತೆಗೆದು ಬಂಡವಾಳ ವಿಮೋಚನಾ ಮೀಸಲು ಎಂಬ ಬೇರೆ ಖಾತೆಗೆ ಹಾಕಬೇಕು, ಅದನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಸಾಲ ಕೊಟ್ಟವರ ರಕ್ಷಣೆಗೆ ಮಾಡಿದ ನಿಯಮ. ಇನ್ಫೋಸಿಸ್‌ನಂಥ ಕಂಪನಿಗೆ ಇದು ಆನೆಗೆ ಅರೆಕಾಸಿನ ಮಜ್ಜಿಗೆ, ಆದರೆ ಮುಖಬೆಲೆ ದೊಡ್ಡದಾಗಿ ಮೀಸಲು ನಿಧಿ ತೆಳ್ಳಗಿರುವ ಕಂಪನಿಗೆ ಕೈ ಕಟ್ಟಿಹಾಕುತ್ತದೆ.

ಈಗ ಎಲ್ಲರ ಬಾಯಲ್ಲಿರುವ ಇಪಿಎಸ್‌ಗೆ ಬರೋಣ, ಅಂದರೆ ಪ್ರತಿ ಷೇರಿನ ಗಳಿಕೆಗೆ. "ಬೈಬ್ಯಾಕ್ ಮಾಡಿದರೆ ಷೇರು ಕಮ್ಮಿಯಾಗುತ್ತದೆ, ಇಪಿಎಸ್ ಏರುತ್ತದೆ" ಎಂಬುದು ಪ್ರತಿ ಬೈಬ್ಯಾಕ್ ಸುದ್ದಿಯಲ್ಲೂ ಇರುವ ಸಾಲು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹೇಳುವವರು ಕಮ್ಮಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

2024–25ರಲ್ಲಿ ಇನ್ಫೋಸಿಸ್ ನಿವ್ವಳ ಲಾಭ ₹26,713 ಕೋಟಿ. 415.4 ಕೋಟಿ ಷೇರಿನಿಂದ ಭಾಗಿಸಿದರೆ ಷೇರಿಗೆ ₹64.31. ಸಿಬ್ಬಂದಿ ಟ್ರಸ್ಟ್‌ನಲ್ಲಿರುವ ಷೇರು ಬಿಟ್ಟು ಲೆಕ್ಕ ಹಾಕುವುದರಿಂದ ಕಂಪನಿ ತೋರಿಸಿದ ಅಂಕಿ ₹64.50. ನಮ್ಮ ಲೆಕ್ಕಕ್ಕೆ ಸರಳ ಭಾಗಾಕಾರ ಸಾಕು. 10 ಕೋಟಿ ಷೇರು ರದ್ದಾದರೆ ಉಳಿಯುವುದು 405.4 ಕೋಟಿ. ಲಾಭ ಅದೇ ಇದ್ದರೆ ಷೇರಿಗೆ ₹65.89, ಸುಮಾರು ಶೇ 2.5ರ ಏರಿಕೆ. ಸುದ್ದಿಯಲ್ಲಿ ಬರುವ ಲೆಕ್ಕ ಇದು.

ಆದರೆ "ಲಾಭ ಅದೇ ಇದ್ದರೆ" ಎನ್ನುವಲ್ಲೇ ಎಡವಟ್ಟು. ಆ ₹18,000 ಕೋಟಿ ದಿಂಬಿನ ಕೆಳಗೆ ಇದ್ದ ದುಡ್ಡಲ್ಲ. ಠೇವಣಿ, ಬಾಂಡ್, ಮ್ಯೂಚುವಲ್ ಫಂಡ್‌ಗಳಲ್ಲಿದ್ದು ಬಡ್ಡಿ ತರುತ್ತಿತ್ತು, ಆ ಬಡ್ಡಿ ಇತರೆ ಆದಾಯ ಎಂಬ ಸಾಲಿನಲ್ಲಿ ಲಾಭಕ್ಕೆ ಸೇರುತ್ತಿತ್ತು. ಶೇ 7 ಎಂದು ಅಂದಾಜು ಮಾಡಿಕೊಳ್ಳೋಣ: ವರ್ಷಕ್ಕೆ ₹1,260 ಕೋಟಿ. ಕಾಲು ಭಾಗ ತೆರಿಗೆಗೆ ಹೋದರೆ ₹945 ಕೋಟಿ. ಹಣ ಕೊಟ್ಟ ಮೇಲೆ ಈ ಗಳಿಕೆ ಇಲ್ಲ. ಲಾಭ ₹25,768 ಕೋಟಿಗೆ ಇಳಿಯುತ್ತದೆ. ಅದನ್ನು 405.4 ಕೋಟಿ ಷೇರಿಗೆ ಹಂಚಿದರೆ ₹63.56.

ಏರಬೇಕಿದ್ದದ್ದು ಇಳಿಯಿತು! ಹಣವನ್ನು ಸುಮ್ಮನೆ ಬ್ಯಾಂಕಿನಲ್ಲೇ ಇಟ್ಟಿದ್ದರೆ ಬರುತ್ತಿದ್ದ ₹64.31ಕ್ಕಿಂತ ಎಪ್ಪತ್ತೈದು ಪೈಸೆ ಕಮ್ಮಿ.

ಕಾರಣ ಸರಳ. ₹64.31 ಗಳಿಸುವ ಷೇರಿಗೆ ಕಂಪನಿ ₹1,800 ಕೊಟ್ಟಿದೆ, ಅಂದರೆ ಗಳಿಕೆಯ 28 ಪಟ್ಟು. ತಿರುಗಿಸಿ ಹೇಳಿದರೆ ಕೊಟ್ಟ ನೂರು ರೂಪಾಯಿಗೆ ಸಿಗುವ ಗಳಿಕೆ ₹3.57. ಬ್ಯಾಂಕಿನಲ್ಲಿ ಅದೇ ನೂರು ರೂಪಾಯಿ ತೆರಿಗೆ ಕಳೆದು ₹5.25 ತರುತ್ತಿತ್ತು. ಐದೂಕಾಲು ತರುವುದನ್ನು ಕೊಟ್ಟು ಮೂರೂವರೆ ತರುವುದನ್ನು ಕೊಂಡರೆ ಇಪಿಎಸ್ ಇಳಿಯಲೇಬೇಕು. ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿದರೆ, ಈ ಬಡ್ಡಿ ದರದಲ್ಲಿ ಗಳಿಕೆಯ ಸುಮಾರು 19 ಪಟ್ಟಿಗಿಂತ ಕಮ್ಮಿ ಬೆಲೆಗೆ, ಅಂದರೆ ₹1,225ರ ಒಳಗೆ ಕೊಂಡಿದ್ದರೆ ಮಾತ್ರ ಇಪಿಎಸ್ ನಿಜವಾಗಿ ಏರುತ್ತಿತ್ತು. ಬಡ್ಡಿ ಶೇ 2 ಇರುವ ದೇಶದಲ್ಲಿ ಹೆಚ್ಚಿನ ಬೈಬ್ಯಾಕ್‌ಗಳಲ್ಲಿ ಇಪಿಎಸ್ ಏರುವುದಕ್ಕೂ, ನಮ್ಮಲ್ಲಿ ಎಷ್ಟೋ ಸಲ ಹಾಗಾಗದಿರುವುದಕ್ಕೂ ಇದೇ ಕಾರಣ. ಅಲ್ಲಿನ ಪಠ್ಯವನ್ನು ಇಲ್ಲಿಗೆ ತಂದು ಓದುವವರು ಈ ಬಡ್ಡಿಯ ಸಾಲನ್ನು ಮರೆತುಬಿಡುತ್ತಾರೆ.

ಹಾಗಾದರೆ ಬೈಬ್ಯಾಕ್ ಮೋಸವೇ? ಅಲ್ಲ. ಸರಿಯಾದ ಹೋಲಿಕೆ ಲಾಭಾಂಶದ ಜೊತೆ. ಲಾಭಾಂಶ ಕೊಟ್ಟಿದ್ದರೂ ₹945 ಕೋಟಿ ಗಳಿಕೆ ಹೋಗುತ್ತಿತ್ತು, ಷೇರು ಮಾತ್ರ ಒಂದೂ ಕಮ್ಮಿಯಾಗುತ್ತಿರಲಿಲ್ಲ. ₹25,768 ಕೋಟಿಯನ್ನು 415.4 ಕೋಟಿಯಿಂದ ಭಾಗಿಸಿದರೆ ₹62.03. ಆಗ ಮೂರು ಅಂಕಿ ಸಾಲಾಗಿ ನಿಲ್ಲುತ್ತವೆ: ಹಣ ಇಟ್ಟುಕೊಂಡರೆ ₹64.31, ಬೈಬ್ಯಾಕ್ ಮಾಡಿದರೆ ₹63.56, ಲಾಭಾಂಶ ಕೊಟ್ಟರೆ ₹62.03. ಲಾಭಾಂಶಕ್ಕಿಂತ ಬೈಬ್ಯಾಕ್‌ನಲ್ಲಿ ಇಪಿಎಸ್ ಮೇಲೆ ಎನ್ನುವುದು ನಿಜ. ಆದರೆ ಲಾಭಾಂಶ ತೆಗೆದುಕೊಂಡವನ ಕೈಯಲ್ಲಿ ಷೇರಿಗೆ ₹43.30 ನಗದು ಇದೆ ಎಂಬುದನ್ನೂ ಜೊತೆಗೇ ಹೇಳಬೇಕು. ಬೈಬ್ಯಾಕ್‌ನಲ್ಲಿ ಷೇರು ಕೊಡದೆ ಕೂತವನಿಗೆ ನಗದು ಸೊನ್ನೆ, ಅದರ ಬದಲು ಒಂದೂವರೆ ರೂಪಾಯಿ ಹೆಚ್ಚಿನ ಇಪಿಎಸ್.

ಮಾರುಕಟ್ಟೆ ಬೆಲೆಯಲ್ಲೂ ಇದೇ ಕಾಣುತ್ತದೆ. ₹1,500ರ ಷೇರಿಗೆ ₹43.30 ಲಾಭಾಂಶ ಕೊಟ್ಟರೆ ಬೆಲೆ ಸುಮಾರು ₹1,456.70ಕ್ಕೆ ಇಳಿಯಬೇಕು, ಕೈಗೆ ₹43.30 ಬಂತು, ಒಟ್ಟು ಅಲ್ಲಿಗಲ್ಲಿಗೆ ಸರಿ. ಬೈಬ್ಯಾಕನ್ನು ₹1,500ಕ್ಕೇ ಮಾಡಿದ್ದರೆ ಬೆಲೆ ಅಲುಗಾಡಬೇಕಿಲ್ಲ. ಆದರೆ ₹1,800ಕ್ಕೆ ಮಾಡಿದರೆ, ಕಂಪನಿಯ ಒಟ್ಟು ಬೆಲೆಯಿಂದ ₹18,000 ಕೋಟಿ ಕಳೆದು ಉಳಿದ ಷೇರಿಗೆ ಹಂಚಿದಾಗ ₹1,492.60 ಬರುತ್ತದೆ. ಷೇರು ಕೊಡದವರು ತಲಾ ₹7.40 ಕಳೆದುಕೊಂಡರು, ಕೊಟ್ಟವರು ಕೊಟ್ಟ ಷೇರಿಗೆ ₹300 ಗಳಿಸಿದರು. ಹೆಚ್ಚಿನ ಬೆಲೆ ಕಂಪನಿಯ ಉಡುಗೊರೆಯಲ್ಲ, ಕೂತವರ ಜೇಬಿನಿಂದ ಕೊಟ್ಟವರ ಜೇಬಿಗೆ ಹೋದದ್ದು. ಮಾರುಕಟ್ಟೆಯ ದಿನನಿತ್ಯದ ಗದ್ದಲದಲ್ಲಿ ಏಳು ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ಬೇರೆ ಮಾತು.

ಈ ಬಾರಿ ಹಾಗೆ ಕೂತವರಲ್ಲಿ ಪ್ರವರ್ತಕರೂ, ಅಂದರೆ ಕಂಪನಿ ಕಟ್ಟಿದವರು ಮತ್ತು ಅವರ ಮನೆಯವರೂ ಇದ್ದರು. ನಂದನ್ ನಿಲೇಕಣಿ, ಸುಧಾ ಮೂರ್ತಿ ಅವರೂ ಸೇರಿದಂತೆ ಪ್ರವರ್ತಕರ ಗುಂಪು ಬೈಬ್ಯಾಕ್‌ನಲ್ಲಿ ಪಾಲ್ಗೊಳ್ಳಲಿಲ್ಲ. ಅವರ ಪಾಲು ಶೇ 13.05 ಇತ್ತು. ಒಂದು ಷೇರನ್ನೂ ಕೊಳ್ಳದೆ ಅದು ಶೇ 13.37ರ ಹತ್ತಿರ ಬರುತ್ತದೆ, ಏಕೆಂದರೆ ಕೆಳಗಿನ ಸಂಖ್ಯೆ ಚಿಕ್ಕದಾಯಿತು. ಲಾಭಾಂಶದಲ್ಲಿ ಈ ಬಗೆಯ ಸ್ಥಾನಪಲ್ಲಟ ಸಾಧ್ಯವೇ ಇಲ್ಲ. ಪ್ರವರ್ತಕರ ಹಿಡಿತ ಶೇ 48, 49ರಲ್ಲಿ ಇರುವ ಕಂಪನಿ ಬೈಬ್ಯಾಕ್ ಘೋಷಿಸಿ ಪ್ರವರ್ತಕರು ದೂರ ನಿಂತರೆ, ಇಪಿಎಸ್‌ಗಿಂತ ಮೊದಲು ಈ ಶೇಕಡಾವಾರು ಐವತ್ತು ದಾಟುತ್ತದೆಯೇ ಎಂದು ನೋಡಬೇಕು.

ಇನ್ನೊಂದು ಅಂಕಿಯ ಬಗ್ಗೆ ಎಚ್ಚರ ಬೇಕು. ಈಕ್ವಿಟಿಯ ಮೇಲಿನ ಪ್ರತಿಫಲ, ಆರ್‌ಒಇ. ನಮ್ಮ ಲೆಕ್ಕದಲ್ಲಿ ಅದು ಶೇ 27.8ರಿಂದ ಶೇ 33ಕ್ಕೆ ಜಿಗಿಯುತ್ತದೆ. ವ್ಯವಹಾರ ಒಂದಿಷ್ಟೂ ಸುಧಾರಿಸಿಲ್ಲ, ಒಬ್ಬ ಹೊಸ ಗ್ರಾಹಕನೂ ಬಂದಿಲ್ಲ, ಭಾಗಿಸುವ ಈಕ್ವಿಟಿ ಮಾತ್ರ ಸಣ್ಣದಾಗಿದೆ. ಲಾಭಾಂಶ ಕೊಟ್ಟಿದ್ದರೂ ಜಿಗಿತ ಅಷ್ಟೇ. ಇದನ್ನು ಬೈಬ್ಯಾಕ್‌ನ ಮಹಿಮೆ ಎಂದು ಬರೆದಿರುವ ವರದಿ ಸಿಕ್ಕರೆ ಉಳಿದ ಪುಟಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ವಾರ್ಷಿಕ ಫಲಿತಾಂಶ ಓದುವಾಗ ಮತ್ತೊಂದು ಕಡೆ ಕಾಲು ಜಾರುತ್ತದೆ. ಇಪಿಎಸ್‌ಗೆ ಭಾಗಿಸುವುದು ಮಾರ್ಚ್ 31ರಂದು ಇರುವ ಷೇರಿನಿಂದಲ್ಲ, ವರ್ಷದುದ್ದಕ್ಕೂ ಇದ್ದ ಷೇರುಗಳ ಕಾಲಾನುಸಾರ ಸರಾಸರಿಯಿಂದ. ಈ ಬೈಬ್ಯಾಕ್ ಅರ್ಜಿ ತೆಗೆದುಕೊಂಡದ್ದು ನವೆಂಬರ್ 20ರಿಂದ 26ರವರೆಗೆ. ವರ್ಷದಲ್ಲಿ ಉಳಿದದ್ದು ಸುಮಾರು ನಾಲ್ಕು ತಿಂಗಳು. ಹಾಗಾಗಿ 10 ಕೋಟಿಯ ಮೂರನೇ ಒಂದು ಭಾಗದಷ್ಟು ಪರಿಣಾಮ ಮಾತ್ರ ಆ ವರ್ಷದ ಸರಾಸರಿಯಲ್ಲಿ ಕಾಣುತ್ತದೆ, ಮಿಕ್ಕದ್ದು ಮರುವರ್ಷ. ಆ ಮರುವರ್ಷದಲ್ಲಿ "ಇಪಿಎಸ್ ಲಾಭಕ್ಕಿಂತ ವೇಗವಾಗಿ ಬೆಳೆಯಿತು" ಎಂಬ ಸಾಲು ಕಂಡರೆ ಅದರಲ್ಲಿ ಶೇ 1.6ರಷ್ಟು ಹಳೆಯ ಬೈಬ್ಯಾಕ್‌ನ ಬಾಲ. ಪರೀಕ್ಷಿಸುವುದು ಸುಲಭ: ನಿವ್ವಳ ಲಾಭ ಎಷ್ಟು ಬೆಳೆಯಿತು, ಇಪಿಎಸ್ ಎಷ್ಟು ಬೆಳೆಯಿತು ಎಂದು ಅಕ್ಕಪಕ್ಕ ಇಟ್ಟು ನೋಡಿ. ಅಂತರ ಇದ್ದರೆ ಅದು ಷೇರು ಸಂಖ್ಯೆಯದು, ವ್ಯಾಪಾರದ್ದಲ್ಲ.

ಹಾಗಿದ್ದೂ ಕಂಪನಿಗಳು ಬೈಬ್ಯಾಕ್ ಏಕೆ ಮಾಡುತ್ತವೆ? ಲಾಭಾಂಶ ಒಂದು ಅಭ್ಯಾಸ. ಈ ವರ್ಷ ₹43 ಕೊಟ್ಟು ಮುಂದಿನ ವರ್ಷ ₹20 ಕೊಟ್ಟರೆ "ಕಂಪನಿಗೆ ಏನೋ ಆಗಿದೆ" ಎಂದು ಷೇರು ಬೀಳುತ್ತದೆ. ಬೈಬ್ಯಾಕ್‌ಗೆ ಆ ಹಂಗಿಲ್ಲ. ಇನ್ಫೋಸಿಸ್ 2017ರಲ್ಲಿ ₹13,000 ಕೋಟಿಯದು ಮಾಡಿತು, ಆಮೇಲೆ 2019, 2021, 2022ರಲ್ಲಿ ಅದಕ್ಕಿಂತ ಚಿಕ್ಕವು. ನಡುವೆ ಮಾಡದ ವರ್ಷಗಳಲ್ಲಿ ಯಾರೂ ಗಾಬರಿಯಾಗಲಿಲ್ಲ. ಐದು ವರ್ಷಗಳ ಅವಧಿಯಲ್ಲಿ ಕೈಯಲ್ಲುಳಿಯುವ ನಗದಿನ ಸುಮಾರು ಶೇ 85ನ್ನು ಷೇರುದಾರರಿಗೆ ಮರಳಿಸುತ್ತೇವೆ ಎಂಬುದು ಕಂಪನಿಯ ಘೋಷಿತ ನೀತಿ. ವರ್ಷಕ್ಕೆ ಎರಡು ಸಲದ ಲಾಭಾಂಶವನ್ನು ಹದವಾಗಿ ಏರಿಸುತ್ತಾ, ಮಿಕ್ಕು ಗುಡ್ಡೆಯಾದಾಗ ಬೈಬ್ಯಾಕ್‌ನಲ್ಲಿ ಖಾಲಿ ಮಾಡುವುದು ಈ ನೀತಿಗೆ ಹೊಂದುತ್ತದೆ. ಬೈಬ್ಯಾಕ್ ಘೋಷಿಸಿದ ವರ್ಷವೂ ಅಕ್ಟೋಬರ್‌ನಲ್ಲಿ ₹23ರ ಮಧ್ಯಂತರ ಲಾಭಾಂಶ ಬಂತು, ಎರಡೂ ಬಾಗಿಲು ತೆರೆದೇ ಇದ್ದವು.

ಇಷ್ಟು ಕಂಪನಿಯ ಕಡೆಯ ಲೆಕ್ಕ. ಚಿಕ್ಕಪ್ಪನ ಕಡೆಯದು ಬೇರೆಯೇ, ಏಕೆಂದರೆ ಅಲ್ಲಿ ತೆರಿಗೆ ಕೂತಿದೆ.

₹2 ಲಕ್ಷದೊಳಗಿನ ಷೇರು ಇರುವವರು ಸಣ್ಣ ಹೂಡಿಕೆದಾರರು. ಬೈಬ್ಯಾಕ್‌ನ ಶೇ 15 ಅವರಿಗೆ ಮೀಸಲು. ಯಾರ ಬಳಿ ಎಷ್ಟು ಷೇರಿದೆ ಎಂದು ಲೆಕ್ಕ ಹಿಡಿಯುವ ದಿನ, ಅಂದರೆ ರೆಕಾರ್ಡ್ ಡೇಟ್, ನವೆಂಬರ್ 14. ಅವತ್ತಿನ ಬೆಲೆ ಸುಮಾರು ₹1,500, ಚಿಕ್ಕಪ್ಪನ 110 ಷೇರಿನ ಮೌಲ್ಯ ₹1.65 ಲಕ್ಷ. ಸಣ್ಣವರಿಗೆ ನಿಗದಿಯಾದ ಅನುಪಾತ 11 ಷೇರಿಗೆ 2, ಹಾಗಾಗಿ ಅವರ ಹಕ್ಕು 20 ಷೇರು. ಉಳಿದ ವರ್ಗಕ್ಕೆ ಅನುಪಾತ 706 ಷೇರಿಗೆ 17. ಗೆರೆ ಎಷ್ಟು ಹರಿತ ನೋಡಿ: 130 ಷೇರು ಇದ್ದವರಿಗೆ 23 ಷೇರಿನ ಹಕ್ಕು, 140 ಇದ್ದು ₹2 ಲಕ್ಷ ದಾಟಿದವರಿಗೆ ಬರೀ 3.

20 ಷೇರಿಗೆ ₹1,800ರಂತೆ ₹36,000. 2024ರ ಅಕ್ಟೋಬರ್ 1ಕ್ಕೆ ಮುಂಚೆ ಆಗಿದ್ದರೆ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಷೇರುದಾರನಿಗೆ ತಲೆನೋವಿರಲಿಲ್ಲ. ಆ ದಿನದಿಂದ ನಿಯಮ ಬದಲಾಗಿ, ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಹಣವನ್ನೇ ಲಾಭಾಂಶ ಎಂದು ಎಣಿಸಿ ಪಡೆದವರ ಆದಾಯಕ್ಕೆ ಸೇರಿಸಲಾಗುತ್ತಿತ್ತು. ಲಾಭವನ್ನಲ್ಲ, ಪೂರ್ತಿ ಹಣವನ್ನು. ಕೊಂಡ ಬೆಲೆಯನ್ನು ಬಂಡವಾಳ ನಷ್ಟ ಎಂದು ಪ್ರತ್ಯೇಕ ತೋರಿಸಿ, ಎಂಟು ವರ್ಷದೊಳಗೆ ಬೇರೆ ಬಂಡವಾಳ ಗಳಿಕೆಗೆ ಹೊಂದಿಸಿಕೊಳ್ಳಬಹುದಿತ್ತು.

ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಶೇ 30ರ ತೆರಿಗೆ ಹಂತ. ಅಪ್ಪನ ಮಾತು ಕೇಳಿ ಅವಳೂ ಅಷ್ಟೇ ಷೇರನ್ನು ತಲಾ ₹1,000ಕ್ಕೆ ಹಿಂದೆಯೇ ಕೊಂಡಿದ್ದಳು. ಅವಳು 20 ಷೇರು ಕೊಟ್ಟರೆ ₹36,000 ಬರುತ್ತದೆ, ಸೆಸ್ ಸೇರಿ ಶೇ 31.2 ತೆರಿಗೆ ₹11,232. ಉಳಿಯುವುದು ₹24,768. ಕೊಂಡ ಬೆಲೆಯ ₹20,000 ನಷ್ಟವನ್ನು ಮುಂದೆ ದೀರ್ಘಾವಧಿ ಗಳಿಕೆಗೆ ಹೊಂದಿಸಿದರೂ ಉಳಿತಾಯ ಹೆಚ್ಚೆಂದರೆ ₹2,600. ಅದೇ 20 ಷೇರನ್ನು ಮಾರುಕಟ್ಟೆಯಲ್ಲಿ ಮಾರಿದ್ದರೆ ₹30,000, ಅದರಲ್ಲಿ ಲಾಭ ₹10,000, ವರ್ಷಕ್ಕೆ ₹1.25 ಲಕ್ಷದವರೆಗಿನ ವಿನಾಯಿತಿಯೊಳಗೆ ಬಂದರೆ ತೆರಿಗೆಯೇ ಇಲ್ಲ. ₹300 ಹೆಚ್ಚು ಕೊಡುವವನಿಗೆ ಮಾರಿ ನಷ್ಟ ಮಾಡಿಕೊಳ್ಳುವ ವಿಚಿತ್ರ ಇದು. ಇನ್ನೂ ಮೇಲಿನ ಆದಾಯದವರಿಗೆ ಸರ್ಚಾರ್ಜ್ ಸೇರಿ ಶೇ 35.88ರವರೆಗೆ ಹೋಗುತ್ತಿತ್ತು, ₹1,800ರಲ್ಲಿ ಕೈಗೆ ಉಳಿಯುವುದು ₹1,154.

ಚಿಕ್ಕಪ್ಪನ ಲೆಕ್ಕ ಉಲ್ಟಾ. ಪೆನ್ಷನ್ ಮತ್ತು ಈ ₹36,000 ಸೇರಿದರೂ ಹೊಸ ತೆರಿಗೆ ಪದ್ಧತಿಯ ₹12 ಲಕ್ಷದ ಮಿತಿಯೊಳಗೇ ಇದ್ದಾರೆ, ಹಾಗಾಗಿ ತೆರಿಗೆ ಸೊನ್ನೆ. ಕಂಪನಿ ಶೇ 10ರಂತೆ ₹3,600 ಟಿಡಿಎಸ್ ಹಿಡಿದರೂ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ₹30,000ದ ಷೇರಿಗೆ ₹36,000.

ಇದೂ ಶಾಶ್ವತವಲ್ಲ. 2026ರ ಫೆಬ್ರವರಿ 1ರ ಬಜೆಟ್‌ನಲ್ಲಿ, ಬೈಬ್ಯಾಕ್ ಹಣವನ್ನು ಮತ್ತೆ ಬಂಡವಾಳ ಗಳಿಕೆಯಾಗಿಯೇ ಎಣಿಸಿ, ಲಾಭದ ಮೇಲೆ ಮಾತ್ರ ತೆರಿಗೆ ಹಾಕುವ ಪ್ರಸ್ತಾವ ಬಂತು. ಪ್ರವರ್ತಕರಿಗೆ ಮಾತ್ರ ಹೆಚ್ಚುವರಿ ತೆರಿಗೆ, ಒಟ್ಟು ಹೊರೆ ಕಂಪನಿ ರೂಪದ ಪ್ರವರ್ತಕರಿಗೆ ಶೇ 22, ಉಳಿದವರಿಗೆ ಶೇ 30. ಈ ಲೆಕ್ಕದಲ್ಲಿ ತಂಗಿಯ 20 ಷೇರಿನ ಲಾಭ ₹16,000, ವಿನಾಯಿತಿ ಮುಗಿದುಹೋಗಿದ್ದರೂ ತೆರಿಗೆ ₹2,080. ಲಾಭಾಂಶಕ್ಕೆ ಮಾತ್ರ ಅವಳು ಮೊದಲಿನಂತೆ ಶೇ 31.2 ಕಟ್ಟಬೇಕು. ಕಂಪನಿಯ ಪುಸ್ತಕದಲ್ಲಿ ಒಂದೇ ಆಗಿರುವ ₹18,000 ಕೋಟಿ, ಮನೆಯ ಪುಸ್ತಕದಲ್ಲಿ ಹೀಗೆ ವರ್ಷಕ್ಕೊಂದು ಬಣ್ಣ ಬಳಿದುಕೊಳ್ಳುತ್ತದೆ.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ. "ನೀವು ಕೊಡಿ, ಅವಳು ಕೊಡೋದು ಬೇಡ" ಎಂದೆ. ಬ್ರೋಕರ್ ಆ್ಯಪ್‌ನಲ್ಲಿ ಎಷ್ಟು ಷೇರು ಎಂಬ ಕಡೆ 20 ಎಂದಷ್ಟೇ ಹಾಕಬೇಕೇ ಎಂದು ಕೇಳಿದರು. ಹಕ್ಕಿಗಿಂತ ಹೆಚ್ಚಿಗೆ ಹಾಕಬಹುದು, ಬೇರೆಯವರು ಬಿಟ್ಟಿದ್ದು ಉಳಿದರೆ ಅದರಲ್ಲೂ ಪಾಲು ಸಿಗುತ್ತದೆ, ತೆಗೆದುಕೊಳ್ಳದ ಷೇರು ಡಿಮ್ಯಾಟ್ ಖಾತೆಗೇ ವಾಪಸ್ ಬರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟನ್ನೂ ತಗೊಂಡುಬಿಟ್ಟರೆ ಮುಂದಿನ ಡಿವಿಡೆಂಡ್ ಎಲ್ಲಿಂದ ಬರುತ್ತಪ್ಪಾ?" ಎಂದರು. 20 ಎಂದೇ ಹಾಕಿದರು.